ಸೋಲಾರ್ ಇರುವ ಬಾಡಿಗೆ ಮನೆ: ಉಳಿತಾಯ ಯಾರಿಗೆ, ರಿಪೇರಿ ಯಾರಿಗೆ?

ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಇರುವ ಮನೆಯನ್ನು ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: "ಬಾಡಿಗೆ ಎಷ್ಟು ಜಾಸ್ತಿ ಕೇಳಬಹುದು?" ಬಾಡಿಗೆಗೆ ಹೋಗುವವರ ಪ್ರಶ್ನೆ: "ಕರೆಂಟ್ ಬಿಲ್ ಎಷ್ಟು ಕಮ್ಮಿ ಬರುತ್ತೆ?" ಇಬ್ಬರೂ ಒಂದೇ ಹಣದ ಬಗ್ಗೆ ಮಾತಾಡುತ್ತಿದ್ದಾರೆ. ಆದರೆ ಆ ಹಣ ಎಲ್ಲಿ ಹುಟ್ಟುತ್ತದೆ, ಯಾರ ಖಾತೆಗೆ ಹೋಗಿ ಬೀಳುತ್ತದೆ ಅನ್ನೋದನ್ನು ನೋಡದೆಯೇ ಕರಾರಿಗೆ ಸಹಿ ಹಾಕಿಬಿಡುತ್ತಾರೆ. ಜಗಳ ಆಮೇಲೆ ಶುರುವಾಗುತ್ತದೆ.

ಮಾಲೀಕರು ಹಾಕಿಸಿದ ಸಿಸ್ಟಮ್ ಇದ್ದಾಗ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಬಾಡಿಗೆ ಸ್ವಲ್ಪ ಏರಿಸಿ ಕರೆಂಟಿನ ಲಾಭವನ್ನೆಲ್ಲ ಬಾಡಿಗೆದಾರರಿಗೆ ಬಿಡುವುದು. ಎರಡು, ಸೋಲಾರ್ ಕರೆಂಟನ್ನು ಯೂನಿಟ್ ಲೆಕ್ಕದಲ್ಲಿ ಅವರಿಗೆ ಮಾರುವುದು. ಮೂರು, ಕರೆಂಟನ್ನೂ ಸೇರಿಸಿ ಒಂದೇ ಮೊತ್ತದ ಬಾಡಿಗೆ ಹೇಳುವುದು. ಇವುಗಳ ಆಚೆಗೆ ಬಾಡಿಗೆದಾರರೇ ಪ್ಯಾನೆಲ್ ಹಾಕಿಸಿಕೊಳ್ಳುವುದು, ಮೂರನೇ ಕಂಪನಿಯೊಂದು ಬಂದು ಹಾಕುವುದೂ ಇದೆ. ಅವನ್ನು ಕೊನೆಗೆ ಚಿಕ್ಕದಾಗಿ ನೋಡೋಣ.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಮೊದಲನೆಯದು: ಉಳಿದ ಕರೆಂಟ್ ಗ್ರಿಡ್ಡಿಗೆ, ಅಂದರೆ ವಿದ್ಯುತ್ ಕಂಪನಿಯ ಲೈನಿಗೆ, ಹೋದಾಗ ಅದಕ್ಕೆ ಏನು ಸಿಗುತ್ತದೆ, ಯಾರಿಗೆ ಸಿಗುತ್ತದೆ? ಕೆಲವು ಕಡೆ ಯೂನಿಟ್ಟಿಗೆ ಯೂನಿಟ್ ವಜಾ ಆಗುತ್ತದೆ. ಹಗಲು ಕೊಟ್ಟ ಯೂನಿಟ್ಟನ್ನು ರಾತ್ರಿ ವಾಪಸ್ ಪಡೆದ ಹಾಗೆ. ಇದು ನೆಟ್ ಮೀಟರಿಂಗ್. ಇನ್ನು ಕೆಲವು ಕಡೆ ನಾವು ಕೊಳ್ಳುವ ಯೂನಿಟ್ಟಿಗೆ ಪೂರ್ತಿ ದರ, ಕೊಡುವ ಯೂನಿಟ್ಟಿಗೆ ತೀರಾ ಕಮ್ಮಿ ದರ. ಇದು ನೆಟ್ ಬಿಲ್ಲಿಂಗ್. ಕೊಟ್ಟದ್ದಕ್ಕೆ ಏನೂ ಸಿಗದ ಜಾಗಗಳೂ ಇವೆ. ನಿಮ್ಮ ಮನೆ ಯಾವ ಪದ್ಧತಿಯಲ್ಲಿದೆ ಅಂತ ಹಳೆಯ ಬಿಲ್ಲಿನಲ್ಲೇ ಗೊತ್ತಾಗುತ್ತದೆ. ಆಮದು, ರಫ್ತು ಎರಡಕ್ಕೂ ಬೇರೆ ಬೇರೆ ದರ ಹಾಕಿದ್ದರೆ ಅದು ನೆಟ್ ಬಿಲ್ಲಿಂಗ್.

ಎರಡನೆಯದು: ಹಗಲು ಮನೆಯಲ್ಲಿ ಯಾರಿರುತ್ತಾರೆ? ಇಬ್ಬರೂ ಕೆಲಸಕ್ಕೆ ಹೋಗಿ ಸಂಜೆ ಬರುವ ಮನೆ ಸೋಲಾರ್ ಕರೆಂಟನ್ನು ನೇರವಾಗಿ ಬಳಸುವುದು ಕಮ್ಮಿ. ಫ್ರಿಜ್ಜು, ರೂಟರು ಓಡುತ್ತಿರುತ್ತವೆ, ಅಷ್ಟೇ. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆ ಅಥವಾ ಮನೆಯಿಂದಲೇ ಕೆಲಸ ಮಾಡುವವರ ಮನೆ ಇದರ ಎರಡು ಪಟ್ಟು ನೇರವಾಗಿ ಬಳಸಬಹುದು.

ಮೂರನೆಯದು: ಸಿಸ್ಟಮ್ ನಿಂತುಹೋದರೆ ಮೊದಲು ಯಾರಿಗೆ ಗೊತ್ತಾಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಪ್ಯಾನೆಲ್ಲಿನ ಕರೆಂಟನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಟ್ರಿಪ್ ಆದರೂ ಮನೆಯ ದೀಪ ಆರುವುದಿಲ್ಲ, ಗ್ರಿಡ್ ಕರೆಂಟ್ ಬರುತ್ತಲೇ ಇರುತ್ತದೆ. ಮುಂದಿನ ಬಿಲ್ ಬರುವವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ. ಆದ್ದರಿಂದ ನಿಂತಾಗ ಯಾರ ಜೇಬಿಗೆ ಪೆಟ್ಟು ಬೀಳುತ್ತದೋ ಅವರ ಹತ್ತಿರವೇ ರಿಪೇರಿ ಮಾಡಿಸುವ ಅಧಿಕಾರವೂ ಇದ್ದರೆ ಕೆಲಸ ಬೇಗ ಆಗುತ್ತದೆ. ಪೆಟ್ಟು ಒಬ್ಬರಿಗೆ, ಅಧಿಕಾರ ಇನ್ನೊಬ್ಬರಿಗೆ ಇದ್ದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ಲೆಕ್ಕಕ್ಕೆ ಒಂದು ಮನೆ

ಮೂರೂ ದಾರಿಯನ್ನು ಒಂದೇ ಮನೆಯ ಮೇಲೆ ಹಾಕಿ ನೋಡೋಣ. 3 ಕಿಲೋವ್ಯಾಟ್ ಸಿಸ್ಟಮ್. ಒಳ್ಳೆ ಬಿಸಿಲಿನ ಜಾಗದಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಅಂದರೆ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 360 ಯೂನಿಟ್. ಮನೆಯ ಖರ್ಚು ತಿಂಗಳಿಗೆ 300 ಯೂನಿಟ್. ಗ್ರಿಡ್ಡಿನಿಂದ ಕೊಳ್ಳುವ ದರ ಯೂನಿಟ್ಟಿಗೆ 10, ಗ್ರಿಡ್ಡಿಗೆ ಕೊಟ್ಟರೆ ಸಿಗುವುದು 4 ಅಂತಿಟ್ಟುಕೊಳ್ಳಿ. ಯಾವ ದೇಶದ ದುಡ್ಡು ಅನ್ನೋದು ಇಲ್ಲಿ ಬೇಡ. ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಸೋಲಾರ್ ಇಲ್ಲದಿದ್ದರೆ ಬಿಲ್ 3000.

ಹಗಲು ಖಾಲಿ ಇರುವ ಮನೆ ನೇರವಾಗಿ 90 ಯೂನಿಟ್ ಬಳಸಿ, 270 ಯೂನಿಟ್ ಗ್ರಿಡ್ಡಿಗೆ ಕೊಡುತ್ತದೆ ಅನ್ನೋಣ. ನೇರ ಬಳಕೆಯಿಂದ ಉಳಿದದ್ದು 900, ಕೊಟ್ಟದ್ದಕ್ಕೆ ಬಂದದ್ದು 1080. ಒಟ್ಟು 1980. ಹಗಲು ಜನ ಇರುವ ಮನೆ ನೇರವಾಗಿ 180 ಯೂನಿಟ್ ಬಳಸಿ 180 ಕೊಡುತ್ತದೆ. ಅಲ್ಲಿ 1800 ಮತ್ತು 720, ಒಟ್ಟು 2520. ಅದೇ ಪ್ಯಾನೆಲ್, ಅದೇ ಬಿಸಿಲು, ಆದರೆ ಬಾಡಿಗೆದಾರರು ಬದಲಾದರೆ ಲಾಭ ಬದಲಾಯಿತು. ನೆಟ್ ಮೀಟರಿಂಗ್ ಇದ್ದಿದ್ದರೆ ಇಬ್ಬರಿಗೂ 300 ಯೂನಿಟ್ ಪೂರ್ತಿ ವಜಾ ಆಗಿ, ಈ ವ್ಯತ್ಯಾಸವೇ ಇರುತ್ತಿರಲಿಲ್ಲ. ನಿಮ್ಮಲ್ಲಿ ನೆಟ್ ಮೀಟರಿಂಗ್ ಇದ್ದರೆ ಕೆಳಗಿನ ತಲೆನೋವು ಅರ್ಧ ಕಮ್ಮಿ.

ಬಾಡಿಗೆ ಏರಿಸಿ ಲಾಭ ಬಿಟ್ಟುಕೊಡುವುದು

ಇದು ಅತಿ ಸುಲಭದ ದಾರಿ. ಮೀಟರ್ ಬಾಡಿಗೆದಾರರ ಹೆಸರಲ್ಲಿ, ಬಿಲ್ ಅವರದ್ದು, ಕಮ್ಮಿ ಬಂದರೆ ಅವರ ಅದೃಷ್ಟ. ಮಾಲೀಕರು ಪಕ್ಕದ ಸೋಲಾರ್ ಇಲ್ಲದ ಮನೆಗಿಂತ 1200 ಜಾಸ್ತಿ ಬಾಡಿಗೆ ತೆಗೆದುಕೊಳ್ಳುತ್ತಾರೆ ಅನ್ನಿ. ಹಗಲು ಖಾಲಿ ಇರುವ ಮನೆಯವರಿಗೆ 1980ರಲ್ಲಿ 1200 ಕಳೆದು 780 ಉಳಿಯುತ್ತದೆ. ಹಗಲು ಇರುವವರಿಗೆ 1320. ಇಬ್ಬರಿಗೂ ಒಳ್ಳೆಯದೇ.

ಈಗ ಒಂದೇ ಒಂದು ವಿಷಯ ಬದಲಿಸಿ ನೋಡಿ. ಗ್ರಿಡ್ಡಿಗೆ ಕೊಟ್ಟದ್ದರ ಹಣ ಮಾಲೀಕರ ಬ್ಯಾಂಕ್ ಖಾತೆಗೆ ಹೋಗುವ ವ್ಯವಸ್ಥೆ ಇದೆ. ಆಗ ಹಗಲು ಖಾಲಿ ಇರುವ ಮನೆಯವರಿಗೆ ಸಿಗುವುದು ನೇರ ಬಳಕೆಯ 900 ಮಾತ್ರ. ಕೊಡುವುದು 1200. ಸೋಲಾರ್ ಮನೆಗೆ ಬಂದು ತಿಂಗಳಿಗೆ 300 ಕಳೆದುಕೊಂಡರು! ಮಾಲೀಕರಿಗೆ ಮಾತ್ರ 1200 ಮತ್ತು 1080 ಎರಡೂ ಸಿಕ್ಕಿತು. ಮೋಸ ಮಾಡುವ ಉದ್ದೇಶ ಯಾರಿಗೂ ಇರಬೇಕಿಲ್ಲ. ಸಿಸ್ಟಮ್ ಹಾಕಿಸಿದಾಗ ಮಾಲೀಕರ ಖಾತೆಯ ನಂಬರ್ ಕೊಟ್ಟಿರುತ್ತಾರೆ, ಆಮೇಲೆ ಅದನ್ನು ಯಾರೂ ನೆನಪಿಟ್ಟಿರುವುದಿಲ್ಲ. ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡುವ ಮೊದಲು "ರಫ್ತಿನ ಹಣ ಯಾರ ಖಾತೆಗೆ?" ಅಂತ ಕೇಳಿ. ಉತ್ತರವನ್ನು ಕರಾರಿನಲ್ಲಿ ಬರೆಸಿ.

ಈ ದಾರಿಯ ಇನ್ನೊಂದು ತೊಂದರೆ ಋತು. 1200 ಪ್ರತಿ ತಿಂಗಳೂ ಒಂದೇ. ಬಿಸಿಲು ಹಾಗಲ್ಲ. ಮೋಡದ ತಿಂಗಳಲ್ಲಿ ಉತ್ಪಾದನೆ ಅರ್ಧಕ್ಕಿಳಿದು 180 ಯೂನಿಟ್ ಆಯಿತು, ಅದರಲ್ಲಿ 70 ನೇರ ಬಳಕೆ, 110 ಗ್ರಿಡ್ಡಿಗೆ ಅಂದುಕೊಳ್ಳಿ. ಲಾಭ 1140. ಆ ತಿಂಗಳು ಬಾಡಿಗೆದಾರರಿಗೆ ಸ್ವಲ್ಪ ನಷ್ಟವೇ. ವರ್ಷಪೂರ್ತಿ ಇರುವವರಿಗೆ ಬೇಸಿಗೆ ಇದನ್ನು ಸರಿದೂಗಿಸುತ್ತದೆ. ನಾಲ್ಕೈದು ತಿಂಗಳಿಗೆ ಅಂತ ಬಂದು, ಅದೂ ಮೋಡದ ಕಾಲದಲ್ಲೇ ಇದ್ದು ಹೋಗುವವರು ಈ ದಾರಿ ಒಪ್ಪಿಕೊಳ್ಳಬಾರದು.

ಇನ್ನು ಕೆಟ್ಟುಹೋದಾಗ. ಇನ್ವರ್ಟರ್ ಎರಡು ತಿಂಗಳು ನಿಂತರೆ ಬಾಡಿಗೆದಾರರ ಬಿಲ್ 3000ಕ್ಕೆ ಏರುತ್ತದೆ, ಮೇಲಿನ 1200 ಕೊಡುವುದು ತಪ್ಪುವುದಿಲ್ಲ. ಮಾಲೀಕರಿಗೆ ಏನೂ ಕಮ್ಮಿ ಆಗಿಲ್ಲ, ಹಾಗಾಗಿ ಅವಸರವೂ ಇಲ್ಲ. ನಾನು ಮೊದಲೇ ಹೇಳಿದ ಪೆಟ್ಟು-ಅಧಿಕಾರದ ಒಡಕು ಇದೇ. ಇದಕ್ಕೆ ಮದ್ದು ಒಂದು ಸಾಲು: ಉತ್ಪಾದನೆ ನಿಂತಿದೆ ಅಂತ ಬಾಡಿಗೆದಾರರು ಬರವಣಿಗೆಯಲ್ಲಿ ತಿಳಿಸಿ ಹತ್ತು ದಿನವಾದ ಮೇಲೂ ಸರಿಯಾಗದಿದ್ದರೆ, ಸರಿಯಾಗುವವರೆಗೆ ಸೋಲಾರಿಗೆ ಅಂತ ಏರಿಸಿದ ಬಾಡಿಗೆ ನಿಲ್ಲುತ್ತದೆ. ಇದು ಕೆಲಸ ಮಾಡಬೇಕಾದರೆ ಆ 1200 ಅನ್ನು ಕರಾರಿನಲ್ಲಿ ಮನೆ ಬಾಡಿಗೆಯಿಂದ ಬೇರೆಯಾಗಿ ತೋರಿಸಿರಬೇಕು. ಎಲ್ಲ ಒಟ್ಟಿಗೆ ಸೇರಿಸಿದ್ದರೆ ನಿಲ್ಲಿಸುವುದಕ್ಕೆ ಏನನ್ನು ನಿಲ್ಲಿಸುತ್ತೀರಿ?

ಯೂನಿಟ್ ಲೆಕ್ಕದಲ್ಲಿ ಮಾರುವುದು

ಇಲ್ಲಿ ಬಾಡಿಗೆ ಏರುವುದಿಲ್ಲ. ಬಾಡಿಗೆದಾರರು ಬಳಸಿದ ಸೋಲಾರ್ ಯೂನಿಟ್ಟಿಗೆ ಮಾಲೀಕರಿಗೆ ಹಣ ಕೊಡುತ್ತಾರೆ. ದರ ಗ್ರಿಡ್ಡಿಗಿಂತ ಕಮ್ಮಿ, 8 ಅಂತಿರಲಿ. ರಫ್ತಿನ ಹಣ ಮಾಲೀಕರದ್ದು. ಹಗಲು ಖಾಲಿ ಇರುವ ಮನೆಯಿಂದ ಮಾಲೀಕರಿಗೆ 90 ಯೂನಿಟ್ಟಿಗೆ 720, ರಫ್ತಿನಿಂದ 1080, ಒಟ್ಟು 1800. ಬಾಡಿಗೆದಾರರಿಗೆ ಉಳಿಯುವುದು 180. ಹಗಲು ಇರುವವರಾದರೆ ಮಾಲೀಕರಿಗೆ 2160, ಬಾಡಿಗೆದಾರರಿಗೆ 360.

ಉಳಿತಾಯ ಚಿಕ್ಕದು. ಆದರೆ ಬಾಡಿಗೆದಾರರಿಗೆ ನಷ್ಟದ ಭಯ ಪೂರ್ತಿ ಹೋಯಿತು. ಮೋಡ ಬಂದರೆ, ಇನ್ವರ್ಟರ್ ಕೆಟ್ಟರೆ, ಪ್ಯಾನೆಲ್ ಮೇಲೆ ಧೂಳು ಕೂತರೆ ಮಾಲೀಕರ ಆದಾಯ ಕಮ್ಮಿಯಾಗುತ್ತದೆ. ಅವರೇ ಓಡಿಬಂದು ಸರಿ ಮಾಡಿಸುತ್ತಾರೆ. ಸೊಗಸಾದ ವ್ಯವಸ್ಥೆ, ಆದರೆ ಇದರ ಜೀವ ಇರುವುದು ಅಳತೆಯಲ್ಲಿ.

ಜಾಸ್ತಿ ಜನ ಎಡವುವ ಜಾಗ ಇದೇ. ಮಾಲೀಕರು ಫೋನಿನಲ್ಲಿ ಇನ್ವರ್ಟರ್ ಆ್ಯಪ್ ತೆರೆದು "ಈ ತಿಂಗಳು 360 ಯೂನಿಟ್, 8ರಂತೆ 2880 ಕೊಡಿ" ಅನ್ನುತ್ತಾರೆ. ಆ್ಯಪ್ ತೋರಿಸುವುದು ಉತ್ಪಾದನೆ. ಅದರಲ್ಲಿ 270 ಯೂನಿಟ್ ಮನೆಗೆ ಬಂದೇ ಇಲ್ಲ, ಗ್ರಿಡ್ಡಿಗೆ ಹೋಗಿದೆ. ಬಾಡಿಗೆದಾರರು ಬಳಸಿದ್ದು ಉತ್ಪಾದನೆಯಲ್ಲಿ ರಫ್ತು ಕಳೆದರೆ ಉಳಿಯುವ 90 ಮಾತ್ರ. ರಫ್ತಿನ ಅಂಕಿ ಸಿಗುವುದು ವಿದ್ಯುತ್ ಕಂಪನಿಯ ಎರಡು ದಿಕ್ಕಿನ ಮೀಟರಿನಲ್ಲಿ. ಬಹಳಷ್ಟು ಮೀಟರುಗಳ ಪರದೆಯಲ್ಲಿ 1.8.0 ಅಂತ ಬಂದಾಗ ಗ್ರಿಡ್ಡಿನಿಂದ ತೆಗೆದುಕೊಂಡದ್ದು, 2.8.0 ಅಂತ ಬಂದಾಗ ಗ್ರಿಡ್ಡಿಗೆ ಕೊಟ್ಟದ್ದು. ಉತ್ಪಾದನೆಯ ಒಟ್ಟು ಅಂಕಿ ಇನ್ವರ್ಟರಿನ ಪರದೆಯಲ್ಲೇ, ಸಾಮಾನ್ಯವಾಗಿ E-Total ಅನ್ನುವ ಹೆಸರಿನಲ್ಲಿ ಇರುತ್ತದೆ. ತಿಂಗಳ ಒಂದೇ ದಿನ ಇವುಗಳ ಫೋಟೋ ತೆಗೆದಿಟ್ಟುಕೊಂಡರೆ ಲೆಕ್ಕ ಪಕ್ಕಾ.

ದರ ಎಷ್ಟಿರಬೇಕು? ಜರ್ಮನಿಯಲ್ಲಿ ಬಾಡಿಗೆದಾರರಿಗೆ ಸೋಲಾರ್ ಕರೆಂಟ್ ಮಾರುವ ಬಗ್ಗೆ 2017ರಲ್ಲಿ ಕಾನೂನೇ ಬಂತು. ಸೋಲಾರೂ ಗ್ರಿಡ್ಡೂ ಸೇರಿ ಬಾಡಿಗೆದಾರರು ಕೊಡುವ ಬೆಲೆ ಆ ಜಾಗದಲ್ಲಿ ಗ್ರಿಡ್ ಕರೆಂಟಿನ ಸಾಮಾನ್ಯ ದರದ ಶೇಕಡಾ 90ನ್ನು ಮೀರಬಾರದು ಅನ್ನೋದು ಅಲ್ಲಿನ ನಿಯಮ. ನಮ್ಮ ಲೆಕ್ಕದ ಮನೆಗೆ ಇದೇ ಅಳತೆಗೋಲು ಹಿಡಿದರೆ, ಹಗಲು ಇರುವವರು ಒಟ್ಟು ಕೊಡುವುದು 2640, ಅಂದರೆ ಶೇಕಡಾ 88. ಮಿತಿಯೊಳಗೇ ಇದೆ. ಹಗಲು ಖಾಲಿ ಇರುವವರು ಕೊಡುವುದು 2820, ಶೇಕಡಾ 94. ಇವರಿಗೆ ಸೋಲಾರ್ ದರ 6.60ರ ಸುತ್ತ ಇದ್ದರೆ ಮಾತ್ರ ಶೇಕಡಾ 90ರ ಒಳಗೆ ಬರುತ್ತದೆ. ಎಲ್ಲೇ ಆಗಲಿ, ಚೌಕಾಸಿಗೆ ಕೂರುವಾಗ ಇದೊಂದು ನ್ಯಾಯವಾದ ಆರಂಭ ಅಂತ ನನ್ನ ಅನಿಸಿಕೆ.

ಒಂದು ಎಚ್ಚರಿಕೆ. ಕರೆಂಟನ್ನು ಯೂನಿಟ್ ಲೆಕ್ಕದಲ್ಲಿ ಇನ್ನೊಬ್ಬರಿಗೆ ಮಾರುವುದಕ್ಕೆ ಕೆಲವು ಕಡೆ ಅನುಮತಿ ಬೇಕು, ಕೆಲವು ಕಡೆ ಅವಕಾಶವೇ ಇಲ್ಲ. ನಿಮ್ಮಲ್ಲಿ ಹಾಗಿದ್ದರೆ ಸುಮ್ನೆ ಮೊದಲ ದಾರಿಗೆ ಹೋಗಿ.

ಎಲ್ಲ ಸೇರಿಸಿ ಒಂದೇ ಬಾಡಿಗೆ

ಮೀಟರ್ ಮಾಲೀಕರ ಹೆಸರಲ್ಲೇ ಇರುತ್ತದೆ. ಬಿಲ್ ಅವರೇ ಕಟ್ಟುತ್ತಾರೆ. ಬಾಡಿಗೆದಾರರು ಕರೆಂಟಿಗೆ ಅಂತ ಬಾಡಿಗೆಯ ಜೊತೆ 1500 ಕೊಡುತ್ತಾರೆ. ಹಗಲು ಖಾಲಿ ಇರುವ ಮನೆಯ ಬಿಲ್ ಹೀಗೆ: ಗ್ರಿಡ್ಡಿನಿಂದ 210 ಯೂನಿಟ್ಟಿಗೆ 2100, ಅದರಲ್ಲಿ ರಫ್ತಿನ 1080 ಕಳೆದು 1020. ಮಾಲೀಕರ ಕೈಯಲ್ಲಿ 480 ಉಳಿಯಿತು. ಬಾಡಿಗೆದಾರರಿಗೆ 3000ರ ಬದಲು 1500. ಇಬ್ಬರಿಗೂ ನೆಮ್ಮದಿ.

ನೆಮ್ಮದಿ ಕೆಡುವುದು ರಾತ್ರಿ. ಬಿಲ್ ತಮ್ಮದಲ್ಲ ಅಂದಾಗ ಯಾರಾದರೂ ಕೈ ಸ್ವಲ್ಪ ಸಡಿಲ ಬಿಡುತ್ತಾರೆ, ಅದು ಸಹಜ. ರಾತ್ರಿಯಿಡೀ ಎಸಿ ಅಥವಾ ಹೀಟರ್ ಓಡಿ ತಿಂಗಳಿಗೆ 200 ಯೂನಿಟ್ ಜಾಸ್ತಿ ಆದರೆ ಮಾಲೀಕರ ಬಿಲ್ 3020ಕ್ಕೆ ಏರುತ್ತದೆ, ಬರುವುದು ಅದೇ 1500. ಇದಕ್ಕೆ ಮಿತಿ ಹಾಕಬೇಕು. ಸಾಮಾನ್ಯವಾಗಿ ಒಟ್ಟು ಬಳಕೆಗೆ ಮಿತಿ ಹಾಕುತ್ತಾರೆ. ಅದಕ್ಕಿಂತ ಗ್ರಿಡ್ಡಿನಿಂದ ತೆಗೆದುಕೊಳ್ಳುವ ಯೂನಿಟ್ಟಿಗೆ ಮಿತಿ ಹಾಕುವುದು ಜಾಣತನ. ತಿಂಗಳಿಗೆ 220 ಯೂನಿಟ್ ತನಕ ಬಾಡಿಗೆಯಲ್ಲೇ ಸೇರಿದೆ, ಮೇಲಿನದಕ್ಕೆ ಗ್ರಿಡ್ ದರ. ಆಗ ಬಾಡಿಗೆದಾರರಿಗೆ ವಾಷಿಂಗ್ ಮೆಷಿನ್, ಗೀಸರ್, ಇಸ್ತ್ರಿಯನ್ನು ಹಗಲಿಗೆ ತಳ್ಳುವುದಕ್ಕೆ ಕಾರಣ ಸಿಗುತ್ತದೆ. ಹಗಲು ಬಳಸಿದ್ದು ಮಿತಿಯೊಳಗೆ ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿಯ 200 ಯೂನಿಟ್ ಜಾಸ್ತಿ ಆದ ತಿಂಗಳು ಒಟ್ಟು 410ರಲ್ಲಿ 190 ಯೂನಿಟ್ಟಿಗೆ ಅವರು ಹಣ ಕೊಡುತ್ತಾರೆ. ಓದುವುದು ಒಂದೇ ಅಂಕಿ, ಆ 1.8.0.

ಆದರೆ ಇನ್ವರ್ಟರ್ ನಿಂತ ದಿನಗಳಲ್ಲಿ ಹಗಲಿನ ಬಳಕೆಯೂ ಗ್ರಿಡ್ಡಿನಿಂದಲೇ ಬಂದು ಮಿತಿ ದಾಟಿಸುತ್ತದೆ. ಅದರ ಭಾರ ಬಾಡಿಗೆದಾರರ ಮೇಲೆ ಬೀಳಬಾರದು. ನಿಂತ ತಿಂಗಳಿಗೆ ಮಿತಿ ಅನ್ವಯಿಸುವುದಿಲ್ಲ ಅಂತ ಬರೆದುಬಿಡಿ.

ಕೊಠಡಿ ಕೊಠಡಿಯಾಗಿ ಬಾಡಿಗೆಗೆ ಕೊಡುವವರಿಗೆ, ಜನ ಆಗಾಗ ಬದಲಾಗುವ ಮನೆಗೆ ಇದೇ ಸರಿ. ಪ್ರತಿ ಸಲ ಮೀಟರಿನ ಹೆಸರು ಬದಲಿಸುವ ಗೋಜು ಇಲ್ಲ. ಆ ಗೋಜು ಸಣ್ಣದೇನಲ್ಲ: ಗ್ರಿಡ್ಡಿಗೆ ಕೊಡುವ ಒಪ್ಪಂದ ಮೀಟರ್ ಯಾರ ಹೆಸರಲ್ಲಿದೆಯೋ ಅವರ ಜೊತೆ ಆಗಿರುವ ಕಡೆ, ಹೆಸರು ಬದಲಾದಾಗ ಒಪ್ಪಂದವನ್ನೂ ಹೊಸದಾಗಿ ಮಾಡಿಸಬೇಕಾಗಬಹುದು. ಹಾಗೆ ಮಾಡಿಸದೆ ಬಿಟ್ಟರೆ ಕರೆಂಟ್ ಗ್ರಿಡ್ಡಿಗೆ ಹೋಗುತ್ತಿರುತ್ತದೆ, ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ಉಳಿದ ಎರಡು

ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಇಡೀ ತಾರಸಿಗೆ ಸಿಸ್ಟಮ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಕಿದ ಹಣ ವಾಪಸ್ ಬರಲು ಹಲವು ವರ್ಷ ಬೇಕು, ಕರಾರು ಇರುವುದು ವರ್ಷ ಎರಡು ವರ್ಷಕ್ಕೆ. ಮೇಲಾಗಿ ಕಟ್ಟಡಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು ಕಟ್ಟಡದ ಭಾಗ, ಹಾಗಾಗಿ ಮಾಲೀಕರದ್ದು ಅನ್ನುವ ವಾದ ಬರಬಹುದು. ಹಾಕಿಸಲೇಬೇಕು ಅಂದರೆ, ಖಾಲಿ ಮಾಡುವಾಗ ಮಾಲೀಕರು ಎಷ್ಟಕ್ಕೆ ಕೊಳ್ಳುತ್ತಾರೆ ಅಂತ ವರ್ಷವರ್ಷಕ್ಕೆ ಇಳಿಯುವ ಬೆಲೆಯನ್ನು ಮೊದಲೇ ಬರೆಸಿಕೊಳ್ಳಿ. ಬಾಲ್ಕನಿಗೆ ನೇತುಹಾಕಿ ಪ್ಲಗ್ಗಿಗೆ ಸೇರಿಸುವ ಒಂದೆರಡು ಪ್ಯಾನೆಲ್ಲಿನ ಸೆಟ್ಟು ಬೇರೆ ಮಾತು. ಅದಕ್ಕೆ ಅನುಮತಿ ಇರುವ ಕಡೆ ಬಿಚ್ಚಿಕೊಂಡು ಮುಂದಿನ ಮನೆಗೆ ಒಯ್ಯಬಹುದು.

ಮೂರನೇ ಕಂಪನಿ ತನ್ನ ಹಣದಲ್ಲಿ ಹಾಕಿ ಕರೆಂಟ್ ಮಾರುವ ಒಪ್ಪಂದಗಳು 15, 20, 25 ವರ್ಷದವು. ಬಾಡಿಗೆದಾರರು ಅಷ್ಟು ದಿನ ಇರುವುದಿಲ್ಲ. ಆದ್ದರಿಂದ ಸಹಿ ಮಾಲೀಕರದ್ದೇ ಆಗಬೇಕು. ಮನೆ ಖಾಲಿ ಬಿದ್ದ ತಿಂಗಳಲ್ಲೂ ಕನಿಷ್ಠ ಯೂನಿಟ್ಟಿಗೆ ಹಣ ಕೊಡಬೇಕಾ, ಮನೆ ಮಾರಿದರೆ ಒಪ್ಪಂದ ಏನಾಗುತ್ತದೆ ಅನ್ನುವ ಎರಡು ಷರತ್ತನ್ನು ಓದದೆ ಮುಂದೆ ಹೋಗಬೇಡಿ.

ಯಾವ ದಾರಿ ಹಿಡಿದರೂ ಇತ್ಯರ್ಥ ಆಗಬೇಕಾದದ್ದು

ಕರೆಂಟ್ ಹೋದಾಗ ಏನಾಗುತ್ತದೆ ಅನ್ನೋದು ಮೊದಲು. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಕಟ್ಟಿದ ಇನ್ವರ್ಟರ್ ಗ್ರಿಡ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. "ಸೋಲಾರ್ ಮನೆ" ಅಂತ ಕೇಳಿ ಬಂದವರು ಮೊದಲ ಸಲ ಕತ್ತಲಲ್ಲಿ ಕೂತಾಗ ಸಿಟ್ಟಾಗುತ್ತಾರೆ. ಜಾಹೀರಾತಿನಲ್ಲೇ ಹೇಳಿಬಿಡುವುದು ಒಳ್ಳೆಯದು.

ಆಮೇಲೆ ವೈ-ಫೈ. ಇನ್ವರ್ಟರ್ ಮಾಹಿತಿ ಕಳಿಸುವುದು ಬಹುತೇಕ ಬಾಡಿಗೆದಾರರ ವೈ-ಫೈ ಮೂಲಕ. ಅವರು ರೂಟರ್ ತೆಗೆದುಕೊಂಡು ಹೋದರೆ ಮಾಲೀಕರ ಆ್ಯಪಿನಲ್ಲಿ ಎಲ್ಲ ನಿಂತಂತೆ ಕಾಣುತ್ತದೆ. ಉತ್ಪಾದನೆ ನಿಂತಿರುವುದಿಲ್ಲ, ಸುದ್ದಿ ಮಾತ್ರ ನಿಂತಿರುತ್ತದೆ. ಇದರ ಉಲ್ಟಾ ಹೆಚ್ಚು ದುಬಾರಿ: ಆ್ಯಪ್ ಹೇಗೂ ಕೆಲಸ ಮಾಡುತ್ತಿಲ್ಲ ಅಂತ ಸುಮ್ಮನಿದ್ದಾಗ ನಿಜವಾಗಿಯೂ ಇನ್ವರ್ಟರ್ ಕೆಟ್ಟಿರುವುದು. ಆ್ಯಪನ್ನು ಇಬ್ಬರ ಫೋನಿನಲ್ಲೂ ಹಾಕಿ. ವಾರಕ್ಕೊಮ್ಮೆ ಬಿಸಿಲಿರುವಾಗ ಇನ್ವರ್ಟರಿನ ದೀಪ ಹಸಿರಿದೆಯಾ ಅಂತ ನೋಡುವುದಷ್ಟೇ ಬಾಡಿಗೆದಾರರ ಕೆಲಸ ಆಗಿರಲಿ.

ತಾರಸಿ ಏರಿ ರಿಪೇರಿಗೆ ಕೈಹಾಕುವ ಕೆಲಸ ಅವರದ್ದು ಆಗಬಾರದು. ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನೆಲ್ ಕಡೆಯ ವೈರಿನಲ್ಲಿ ನೂರಾರು ವೋಲ್ಟ್ ಇರಬಹುದು. ಪ್ಯಾನೆಲ್ಲಿನ ಉತ್ಪಾದನೆಯ ವಾರಂಟಿ ಸಾಮಾನ್ಯವಾಗಿ 25 ವರ್ಷ, ಇನ್ವರ್ಟರಿನದು 5ರಿಂದ 10 ವರ್ಷ. ಅದನ್ನು ಕೇಳುವ ಹಕ್ಕು ಕೊಂಡವರದ್ದು, ಹಾಗಾಗಿ ಹಳೆಯ ಇನ್ವರ್ಟರ್ ಬದಲಿಸುವ ಖರ್ಚೂ ಅವರದ್ದೇ. ವಿಮೆಯೂ ಹಾಗೆಯೇ: ಕಟ್ಟಡದ ವಿಮೆಯಲ್ಲಿ ಪ್ಯಾನೆಲ್ ಇದೆ, ಮನೆ ಬಾಡಿಗೆಗಿದೆ ಅಂತ ಎರಡನ್ನೂ ಮಾಲೀಕರು ಬರೆಸಿರಬೇಕು. ಬಾಡಿಗೆದಾರರ ಪಾಲಿಗೆ ಉಳಿಯುವುದು ತಾವು ಮಾಡಿದ ಹಾನಿ ಮಾತ್ರ. ಪ್ಯಾನೆಲ್ ಮುಂದೆ ಡಿಶ್ ಕೂರಿಸಿ ನೆರಳು ಮಾಡಿದ್ದೂ ಹಾನಿಯೇ. ಒಂದು ಪ್ಯಾನೆಲ್ಲಿನ ಮೇಲೆ ಬಿದ್ದ ನೆರಳು ಸಾಲಿನಲ್ಲಿರುವ ಉಳಿದವುಗಳ ಉತ್ಪಾದನೆಯನ್ನೂ ಎಳೆಯಬಹುದು.

ದೀರ್ಘಕಾಲ ಇರುವ, ಹಗಲು ಮನೆಯಲ್ಲಿರುವ ಕುಟುಂಬಕ್ಕೆ ನಾನು ಮೊದಲ ದಾರಿ ಹೇಳುತ್ತೇನೆ, ರಫ್ತಿನ ಹಣವೂ ಅವರಿಗೇ ಬರುವುದಾದರೆ. ಹಗಲು ಇರದವರಿಗೆ, ರಫ್ತಿನ ಹಣ ಮಾಲೀಕರಿಗೆ ಹೋಗುವ ಕಡೆ, ಎರಡನೆಯದು. ಕೈಯಲ್ಲಿ ಹಣ ಬಿಗಿಯಾಗಿದ್ದು ತಿಂಗಳ ಖರ್ಚು ಮೊದಲೇ ಗೊತ್ತಿರಬೇಕು ಅನ್ನುವವರಿಗೆ ಮಿತಿ ಹಾಕಿದ ಮೂರನೆಯದು. ದೂರದಲ್ಲಿದ್ದು ಮನೆ ಕಡೆ ತಲೆಹಾಕದ ಮಾಲೀಕರು ಎರಡನೆಯದಕ್ಕೆ ಕೈಹಾಕಬಾರದು, ಪ್ರತಿ ತಿಂಗಳು ಅಂಕಿ ಓದುವವರು ಬೇಕಾಗುತ್ತದೆ.

ಬಂದ ದಿನ, ಹೋಗುವ ದಿನ ಮೀಟರಿನ ಎರಡೂ ಅಂಕಿ ಮತ್ತು ಇನ್ವರ್ಟರಿನ E-Total ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಉಳಿದ ಯೂನಿಟ್ಟುಗಳನ್ನು ವರ್ಷದ ಕೊನೆಗೆ ಲೆಕ್ಕ ಮಾಡುವ ಕಡೆ ಇದು ಬೇಕೇ ಬೇಕು. ಬೇಸಿಗೆಯಲ್ಲಿ ಬಂದವರು ಮಳೆ ಶುರುವಾಗುವ ಮೊದಲು ಖಾಲಿ ಮಾಡಿದರೆ ಅವರ ಹೆಸರಲ್ಲಿ ಯೂನಿಟ್ ಜಮಾ ಆಗಿರುತ್ತದೆ, ಅದನ್ನು ತಿನ್ನುವವರು ಮುಂದಿನ ಬಾಡಿಗೆದಾರರು. ಆ ಯೂನಿಟ್ಟುಗಳಿಗೆ ರಫ್ತು ದರ ಹಾಕಿ, ಠೇವಣಿ ವಾಪಸ್ ಕೊಡುವಾಗ ಅದರ ಜೊತೆ ಸೇರಿಸಿ ಕೊಡಬೇಕು ಅಂತ ಕರಾರಿನಲ್ಲಿ ಇರಲಿ.